ಬರೋ ದುಡ್ಡನ್ನೂ ತಡೆದರೆ ಹೇಗೆ ಬದುಕೋದು?

"ನೋಡಮ್ಮಾ, ಮೆಸೇಜ್ ಬಂದಾಗ ಓದ್ಬೇಕು. ಓದೋಕೆ ಬರದಿದ್ರೆ ಮಕ್ಕಳ ಹತ್ರ ಓದಿಸ್ಕೋಬೇಕು."

ಬೆಳಿಗ್ಗೆಯಿಂದ ಈ ಮಾತೇ ಕಿವಿಯಲ್ಲಿ ಕೂತಿದೆ. ನನ್ನ ಖಾತೆ ಯಾಕೆ ನಿಲ್ಲಿಸಿದ್ದೀರಿ ಅಂತ ಕೇಳೋಕೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಆ ಹುಡುಗ ಮೆಲ್ಲಗೆ ಹೇಳಿದ್ದರೆ ಸಹಿಸಬಹುದಿತ್ತು. ಜೋರಾಗಿ ಹೇಳಿದ. ನನ್ನ ಹಿಂದೆ ಒಂಬತ್ತು ಹತ್ತು ಜನ ನಿಂತಿದ್ದರು. ಅವರಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಿಕೊಳ್ಳುವವರೂ ಇದ್ದರು. ಒಬ್ಬರು ತಲೆ ತಗ್ಗಿಸಿ ಪಾಸ್‌ಬುಕ್ ನೋಡೋ ಹಾಗೆ ಮಾಡಿದರು. ಅದು ಇನ್ನೂ ನೋವಾಯ್ತು. ನಾನು ಪಿಯುಸಿ ಓದಿದವಳು. ಹದಿನೈದು ವರ್ಷದಿಂದ ಲೆಕ್ಕ ಬರೆದುಕೊಂಡೇ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಅದನ್ನು ಹೇಳಬೇಕು ಅಂತ ಬಾಯಿ ತೆರೆದೆ, ಮಾತೇ ಬರಲಿಲ್ಲ. "ಸರಿ ಸರ್" ಅಂದುಬಿಟ್ಟೆ. ಯಾಕೆ ಹಾಗಂದೆ ಅಂತ ಈಗಲೂ ಸಂಕಟ ಆಗ್ತಿದೆ.

ಓದಿದ್ದೆ ಸ್ವಾಮಿ, ಮೆಸೇಜ್ ಓದಿದ್ದೆ! ಕೇವೈಸಿ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಖಾತೆ ನಿಲ್ಲುತ್ತೆ ಅಂತ ಇತ್ತು. ಅಂಥ ಮೆಸೇಜನ್ನು ನಂಬಬೇಡಿ, ಲಿಂಕ್ ಒತ್ತಬೇಡಿ, ಮೋಸ ಹೋಗ್ತೀರಿ ಅಂತ ಪೊಲೀಸರೂ ಹೇಳ್ತಾರೆ, ಇದೇ ಬ್ಯಾಂಕೂ ಹೇಳುತ್ತೆ. ಪಕ್ಕದ ಬೀದಿಯವರೊಬ್ಬರು ಹಾಗೇ ಒತ್ತಿ ದುಡ್ಡು ಕಳಕೊಂಡಿದ್ದಾರೆ. ಅದಕ್ಕೇ ಅಳಿಸಿ ಹಾಕಿದೆ. ಒತ್ತಿದ್ದರೆ ದಡ್ಡಿ, ಒತ್ತದಿದ್ದರೆ ಓದೋಕೆ ಬರದವಳು. ಯಾವುದು ಅಸಲಿ, ಯಾವುದು ನಕಲಿ ಅಂತ ನಾನು ಹೇಗೆ ತಿಳಿಯಲಿ?

ಶನಿವಾರ ಸಂಜೆ ಮದುವೆ ಮನೆಯವರು ಬಂದಿದ್ದರು. ಆರು ಬ್ಲೌಸ್, ಎರಡು ಲಂಗ, ಒಟ್ಟು 4,600 ರೂಪಾಯಿ. ಫೋನಿನಿಂದ ಕಳಿಸಿದರು, ಹೋಗಲಿಲ್ಲ. ಮತ್ತೆ ಕಳಿಸಿದರು. ಕಡಿತ ಆಗಿ ವಾಪಸ್ ಬಂತು. "ಅಕ್ಕಾ, ನಿಮ್ಮ ಅಕೌಂಟೇ ಬ್ಲಾಕ್ ಆಗಿದೆಯಂತೆ" ಅಂತ ಸ್ಕ್ರೀನ್ ತೋರಿಸಿದರು. ಗೃಹಲಕ್ಷ್ಮಿ ದುಡ್ಡು ಬರೋದೂ ಇದೇ ಖಾತೆಗೆ. ಅದೂ ಹೀಗೇ ವಾಪಸ್ ಹೋಗುತ್ತಾ?

ಕೌಂಟರಿನಲ್ಲಿ ಕೇಳಿದ್ದು ಇಷ್ಟೇ: ನಾನು ದುಡ್ಡು ತೆಗೆಯೋದು ಬೇಡ, ಬರೋದಕ್ಕಾದರೂ ಬಿಡಿ. ತೆಗೆಯೋದನ್ನು ಮಾತ್ರ ನಿಲ್ಲಿಸಿ ಬರೋದನ್ನು ಬಿಡೋಕೂ ಆಗುತ್ತೆ. ನನ್ನ ಖಾತೆಗೆ ಎರಡನ್ನೂ ನಿಲ್ಲಿಸಿದ್ದಾರೆ. ಯಾಕೆ ಅಂದರೆ "ಸಿಸ್ಟಮ್‌ನಲ್ಲಿ ಹಾಗೆ ಬಂದಿದೆ". ಮೊದಲು ಕೇವೈಸಿ ಅಂದ. ಆಮೇಲೆ ಮದುವೆ ಸೀಸನ್‌ನಲ್ಲಿ ಜಾಸ್ತಿ ಜನ ದುಡ್ಡು ಹಾಕಿದ್ದಕ್ಕೂ ಇರಬಹುದು ಅಂದ. ಮದುವೆ ಸೀಸನ್‌ನಲ್ಲಿ ದರ್ಜಿಗೆ ಕೆಲಸ ಜಾಸ್ತಿ ಇರುತ್ತೆ, ಅದರಲ್ಲೇನು ಅನುಮಾನ?

ಪಾಸ್‌ಬುಕ್ ತೆಗೆದು ನೋಡಿದೆ. ಖಾತೆ ತೆರೆದದ್ದು 2016ರ ಮಾರ್ಚ್. ಕಡಿಮೆ ರಿಸ್ಕ್ ಇರೋ ಗ್ರಾಹಕರಿಗೆ ಹತ್ತು ವರ್ಷಕ್ಕೊಮ್ಮೆ ಕೇವೈಸಿ. ಅವಧಿ ಮುಗಿದ ಮೇಲೂ ಒಂದು ವರ್ಷ ವ್ಯವಹಾರ ನಡೆಸಲು ಬಿಡಬೇಕು ಅಂತ 2025ರ ಜೂನ್‌ನಲ್ಲಿ ಆರ್‌ಬಿಐ ಹೇಳಿದೆ. ಅವಧಿಗೆ ಮೊದಲೇ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಕಾಗದದ ಪತ್ರ ಇರಬೇಕು. ನಮ್ಮ ಮನೆಗೆ ಯಾವ ಪತ್ರವೂ ಬಂದಿಲ್ಲ. ವಿಳಾಸ, ಫೋನ್ ನಂಬರ್ ಯಾವುದೂ ಬದಲಾಗಿಲ್ಲ. ಹಾಗಿದ್ದರೆ ಏನೂ ಬದಲಾಗಿಲ್ಲ ಅಂತ ಬರೆದುಕೊಟ್ಟರೆ ಸಾಕು. ಆದರೂ ಆಧಾರ್ ಜೆರಾಕ್ಸ್, ಪ್ಯಾನ್ ಜೆರಾಕ್ಸ್, ಎರಡು ಫೋಟೋ, ಫಾರ್ಮ್ ಅಂತ ಎರಡು ಸಲ ಓಡಾಡಿಸಿದರು. ಈ ನಿಯಮ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅಲ್ಲೇ ಗೊತ್ತಿದ್ದರೆ!

ಹೋಗಲಿ ಬಿಡಿ, ಕೊಟ್ಟಾಯ್ತು. ಆ ಹುಡುಗನೂ ಬೆಳಿಗ್ಗೆಯಿಂದ ಎಷ್ಟು ಜನರ ಹತ್ತಿರ ಬೈಸಿಕೊಂಡಿದ್ದನೋ. ಆದರೆ ಹೇಗೆ ಬಿಡೋದು? ಸರಿ ಆಗೋಕೆ ನಾಲ್ಕೈದು ದಿನ ಅಂತೆ. ಬುಧವಾರ ಚೀಟಿ ದುಡ್ಡು ಕಟ್ಟಬೇಕು. ಮದುವೆ ಮನೆಯವರು ಆಮೇಲೆ ಕಳಿಸ್ತೀವಿ ಅಂತ ಬಟ್ಟೆ ತಗೊಂಡು ಹೋದರು. ಕೊಡ್ತಾರೆ, ಒಳ್ಳೆಯವರು. ಆದರೂ ಕೇಳೋಕೆ ಮುಜುಗರ.

ಯಾರಾದರೂ ತಿಳಿದವರು ಹೇಳಿ. ನನ್ನ ಖಾತೆಯನ್ನು ಯಾವ ರಿಸ್ಕ್ ಪಟ್ಟಿಗೆ ಹಾಕಿದ್ದಾರೆ ಅಂತ ಕೇಳಿದರೆ ಬರೆದು ಕೊಡ್ತಾರಾ? ನಾಳೆ ದೂರು ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬರ್ತೀನಿ. ಮೂವತ್ತು ದಿನ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದಂತೆ. ಹೇಗೆ ಅಂತ ಕೇಳೋಕೆ 14448ಕ್ಕೆ ಫೋನ್ ಮಾಡ್ತೀನಿ. ಮೂವತ್ತು ದಿನ! ನನಗೆ ಬುಧವಾರಕ್ಕೆ ದುಡ್ಡು ಬೇಕು.

ದೂರಿನಲ್ಲಿ ಆ ಮಾತನ್ನೂ ಬರೀತೀನಿ. "ಓದೋಕೆ ಬರದಿದ್ರೆ" ಅಂದಿದ್ದನ್ನು, ಅವನು ಹೇಳಿದ ಹಾಗೇ.