‘ಮಾತ್ರ’ ಎಲ್ಲಿ ಕೂತಿದೆ ನೋಡಿ, ಬಾಣ ತಾನಾಗಿ ತಿರುಗುತ್ತದೆ

ರಾಯಚೂರಿನ ಒಂದು ಹಾಸ್ಟೆಲಿನ ಅಡುಗೆಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದ ಬೋರ್ಡು: ‘ಕೂಪನ್ ಇದ್ದವರಿಗೆ ಮಾತ್ರ ಊಟ’. ಹೋದ ವಾರ ಬಿಸಿಎ ಓದುವ ನನ್ನ ವಿದ್ಯಾರ್ಥಿಯೊಬ್ಬ ಎರಡೂವರೆಗೆ ಹೋಗಿದ್ದಾನೆ. ರೊಟ್ಟಿ ಖಾಲಿ, ಅನ್ನದ ಪಾತ್ರೆ ತೊಳೆದಿಟ್ಟಿದ್ದಾರೆ. ಮರುದಿನ ಕ್ಲಾಸಿಗೆ ಬಂದು ಕೂಪನ್ ತೋರಿಸಿ ಕೇಳಿದ: “ಸರ್, ನನ್ನ ಕಡೆ ಕೂಪನ್ ಇತ್ರಿ, ಆದ್ರೂ ಊಟ ಸಿಗಲಿಲ್ರಿ. ಬೋರ್ಡಿನ್ಯಾಗ ಬರೆದದ್ದು ಸುಳ್ಳಾತಲ್ರಿ?”

ಆವತ್ತಿನ ಪಾಠ ಪ್ರೆಡಿಕೇಟ್ ಲಾಜಿಕ್. ಸಿಲಬಸ್ ಪ್ರಕಾರ ಬೇರೇನೋ ಉದಾಹರಣೆ ಇತ್ತು, ಪಕ್ಕಕ್ಕಿಟ್ಟೆ.

ಬೋರ್ಡಿನ ಮಾತನ್ನು ಸೂತ್ರ ಮಾಡಿ ಅಂದೆ. K(x) ಅಂದರೆ x ಬಳಿ ಕೂಪನ್ ಇದೆ, U(x) ಅಂದರೆ x‌ಗೆ ಊಟ ಸಿಕ್ಕಿತು. x ಜಾಗದಲ್ಲಿ ಹಾಸ್ಟೆಲಿನ ಹುಡುಗರು ಮಾತ್ರ ಬರಬಹುದು. ∀x ಅಂದರೆ ‘ಪ್ರತಿಯೊಬ್ಬ x ವಿಷಯದಲ್ಲೂ’, ಬಾಣ ಅಂದರೆ ‘ಎಡದ್ದು ನಿಜವಾದರೆ ಬಲದ್ದೂ ನಿಜ’. ಮುಕ್ಕಾಲು ಕ್ಲಾಸು ಬರೆದದ್ದು ಹೀಗೆ:

```
∀x (K(x) → U(x))
```

ಕೂಪನ್ ಇದ್ದರೆ ಊಟ. ಹಸಿದವನ ಕಿವಿಗೆ ಬೋರ್ಡು ಹೇಳುವುದೂ ಅದನ್ನೇ. ಆದರೆ ಬೋರ್ಡು ಹೇಳಿರುವುದು ಇದು:

```
∀x (U(x) → K(x))
```

ಊಟ ಸಿಕ್ಕಿದೆ ಅಂದರೆ ಅವನ ಬಳಿ ಕೂಪನ್ ಇದೆ. ಬಾಣ ತಿರುಗಿತು, ಅರ್ಥವೂ ತಿರುಗಿತು. ‘ಹೀಗೇ ಯಾಕೆ’ ಅಂತ ಕೇಳಿದವರಿಗೆ ನಿಯಮ ಹೇಳಲಿಲ್ಲ, ನಾಲ್ಕು ಜನರನ್ನು ನಿಲ್ಲಿಸಿದೆ. a ಬಳಿ ಕೂಪನ್ ಇದೆ, ಉಂಡಿದ್ದಾನೆ. b ಬಳಿ ಕೂಪನ್ ಇದೆ, ಊಟ ಸಿಕ್ಕಿಲ್ಲ (ನಮ್ಮ ಹುಡುಗ ಇವನೇ). c ಬಳಿ ಕೂಪನ್ ಇಲ್ಲ, ಊಟವೂ ಇಲ್ಲ. d ಬಳಿ ಕೂಪನ್ ಇಲ್ಲ, ಆದರೂ ಉಂಡು ಕೈ ತೊಳೆದು ಹೋಗಿದ್ದಾನೆ. ಇಂಥವನೊಬ್ಬ ಎಲ್ಲ ಹಾಸ್ಟೆಲಿನಲ್ಲೂ ಇರುತ್ತಾನೆ.

ಈಗ ಒಂದೇ ಪ್ರಶ್ನೆ: ಯಾರನ್ನು ಹಿಡಿದು ತಂದರೆ ವಾರ್ಡನ್ ಸುಳ್ಳು ಬರೆದಂತಾಗುತ್ತದೆ? ಕ್ಲಾಸು ಒಂದೇ ದನಿಯಲ್ಲಿ d ಅಂದಿತು. ಮೇಲಿನ ಎರಡು ಸೂತ್ರಗಳಲ್ಲಿ d‌ಯಿಂದ ಮುರಿಯುವುದು ಎರಡನೆಯದೇ. U(d) ನಿಜ, K(d) ಸುಳ್ಳು, ಬಾಣ ನಿಜದಿಂದ ಸುಳ್ಳಿಗೆ ಹೋಯಿತು. ಬಾಣ ಮುರಿಯುವುದು ಹಾಗಾದಾಗಷ್ಟೇ. ಮೊದಲ ಸೂತ್ರವನ್ನು ಮುರಿಯುವವನು b. ಅಂದರೆ b‌ಗೆ ಆದದ್ದು ಅನ್ಯಾಯ ಇರಬಹುದು, ಅವನು ಕೊಟ್ಟ ದುಡ್ಡಿಗೆ ವಾರ್ಡನ್ ಉತ್ತರ ಹೇಳಲೇಬೇಕು, ಆದರೆ ಬೋರ್ಡು ಸುಳ್ಳಲ್ಲ. ಅಷ್ಟೇಕೆ, ಭಾನುವಾರ ಅಡುಗೆಯೇ ಇಲ್ಲದೆ ಒಬ್ಬನೂ ಉಣ್ಣದಿದ್ದರೂ ಬೋರ್ಡಿನ ಮಾತು ನಿಜವಾಗಿಯೇ ಉಳಿಯುತ್ತದೆ. ಉಂಡವನೇ ಇಲ್ಲ ಅಂದಮೇಲೆ ಕೂಪನ್ ಇಲ್ಲದೆ ಉಂಡವನು ಎಲ್ಲಿಂದ ಬರಬೇಕು? “ಇದೆಂಥಾ ಬೋರ್ಡ್ ರೀ ಸರ್” ಅಂತ ಹಿಂದಿನ ಬೆಂಚಿನಿಂದ ಬಂತು. ಅದು ನ್ಯಾಯವಾದ ಮಾತೇ.

ಇಲ್ಲಿ ನನ್ನದೊಂದು ತಕರಾರಿದೆ. ನಮ್ಮ ಮಕ್ಕಳಿಗೆ ಈ ಪಾಠವನ್ನು ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತೇವೆ: ಈ ಪದ ಬಂದರೆ ಈ ಚಿಹ್ನೆ, ಆ ಪದ ಬಂದರೆ ಬಾಣ ತಿರುಗಿಸು. ಇಂಗ್ಲಿಷಿನ ‘ಓನ್ಲಿ’ ವಾಕ್ಯದಲ್ಲಿ ಎಲ್ಲೋ ಕೂತು ಇನ್ನೆಲ್ಲೋ ಕೈ ಹಾಕುತ್ತದೆ, ಅದಕ್ಕೆ ಪಟ್ಟಿ ಬೇಕಾಗುತ್ತದೇನೋ. ಕನ್ನಡದ ‘ಮಾತ್ರ’ ಅಷ್ಟು ಅಲೆಮಾರಿಯಲ್ಲ. ಯಾವ ಮಾತನ್ನು ಹಿಡಿಯಬೇಕೋ ಅದರ ಬೆನ್ನಿಗೇ ನಿಲ್ಲುತ್ತದೆ. ಹಾಗಾಗಿ ಕ್ಲಾಸಿನಲ್ಲಿ ನಾನು ಹೇಳುವುದು ಇಷ್ಟೇ: ‘ಮಾತ್ರ’ದ ಹಿಂದೆ ಏನಿದೆಯೋ ಅದು ಬಾಣದ ಬಲಕ್ಕೆ ಹೋಗುತ್ತದೆ.

ಬೋರ್ಡಿನ ಪದಗಳನ್ನೇ ಅದಲು ಬದಲು ಮಾಡಿ ನೋಡಿ. ‘ಕೂಪನ್ ಇದ್ದವರಿಗೆ ಊಟ ಮಾತ್ರ’ ಎಂದು ಬರೆದಿದ್ದರೆ? ಊಟ ಕೊಡುತ್ತೇವೆ, ಚಹಾ ಮಿರ್ಚಿ ಕೇಳಬೇಡಿ ಎಂದಾಗುತ್ತದೆ. ಈಗ U(x) ಸಾಲದು. ಕೊಡುವ ವಸ್ತುಗಳನ್ನೂ ಲೆಕ್ಕಕ್ಕೆ ತಗೊಂಡು, S(x,y) ಅಂದರೆ x‌ಗೆ y ಸಿಗುತ್ತದೆ, O(y) ಅಂದರೆ y ಊಟ, ∧ ಅಂದರೆ ‘ಮತ್ತು’ ಎಂದಿಟ್ಟುಕೊಂಡರೆ:

```
∀x ∀y ((K(x) ∧ S(x,y)) → O(y))
```

‘ಮಾತ್ರ’ದ ಹಿಂದೆ ಇದ್ದದ್ದು ಊಟ, ಬಲಕ್ಕೆ ಬಂದದ್ದೂ ಊಟ. ‘ಕೂಪನ್ ಇದ್ದವರಿಗೇ’ ಅನ್ನುವ ಒತ್ತಿನ ಏಕಾರವೂ, ‘ಇದ್ದವರಿಗಷ್ಟೇ’ ಅನ್ನುವುದೂ ಇದೇ ಕೆಲಸ ಮಾಡುತ್ತವೆ.

ಒಂದು ಕಡೆ ಮಾತ್ರ (ನೋಡಿ, ಇದು ಬೇರೆ ‘ಮಾತ್ರ’, ‘ಆದರೆ’ ಅನ್ನುವ ಅರ್ಥದ್ದು) ಹುಷಾರಾಗಿರಬೇಕು. ‘ಎಲ್ಲರೂ ಬಂದರು, ಅವನು ಮಾತ್ರ ಬರಲಿಲ್ಲ’ ಎನ್ನುವಾಗ ಅವನು ಬರಲಿಲ್ಲ ಎಂಬುದನ್ನೂ ಹೇಳಿದ್ದೇವೆ, ಬಾರದವನು ಅವನೊಬ್ಬನೇ ಎಂಬುದನ್ನೂ ಹೇಳಿದ್ದೇವೆ. ಬರೀ ಬಾಣದಲ್ಲಿ ಮುಗಿಯುವುದಿಲ್ಲ. B(x) ಅಂದರೆ x ಬಂದ, ¬ ಅಂದರೆ ‘ಅಲ್ಲ’, a ಅಂದರೆ ಇಲ್ಲಿ ಆ ‘ಅವನು’:

```
¬B(a) ∧ ∀x (¬B(x) → x = a)
```

ಇನ್ನು ‘ಕೆಲವರು’. ಇದಕ್ಕೆ ಬಳಸುವ ಚಿಹ್ನೆ ∃, ‘ಇಂಥವನೊಬ್ಬನಾದರೂ ಇದ್ದಾನೆ’ ಎಂದರ್ಥ. ‘ಕೂಪನ್ ಇದ್ದ ಕೆಲವರಿಗೆ ಊಟ ಸಿಕ್ಕಿತು’ ಎಂಬುದಕ್ಕೆ ಹುಡುಗರು ‘ಎಲ್ಲ’ದ ಅಭ್ಯಾಸದಲ್ಲೇ ∃x (K(x) → U(x)) ಎಂದು ಬರೆದುಬಿಡುತ್ತಾರೆ. ನೋಡಲಿಕ್ಕೆ ಚೆಂದ ಕಾಣುತ್ತದೆ. ಮತ್ತೆ ಆ ಭಾನುವಾರಕ್ಕೆ ಹೋಗಿ. ಒಬ್ಬನೂ ಉಂಡಿಲ್ಲ, ಹಾಗಾಗಿ ವಾಕ್ಯ ಸುಳ್ಳಾಗಬೇಕು. ಆದರೆ c ಬಳಿ ಕೂಪನ್ನೇ ಇಲ್ಲ. K(c) ಸುಳ್ಳಾದ್ದರಿಂದ K(c) → U(c) ನಿಜ. ಅವನೊಬ್ಬ ಸುಮ್ಮನೆ ಕಟ್ಟೆ ಮೇಲೆ ಕೂತಿದ್ದರೂ ಸೂತ್ರ ನಿಜವಾಗಿಬಿಟ್ಟಿತು! ಕೂಪನ್ ಇಲ್ಲದವನು ಸಾಕ್ಷಿ ಹೇಳಿ, ಕೂಪನ್ ಇದ್ದವರು ಉಂಡರು ಎಂದು ಸಾಬೀತಾದಂತೆ. ಬೇಕಾದದ್ದು ಎರಡೂ ಗುಣ ಒಬ್ಬನಲ್ಲೇ ಇರುವ ಸಾಕ್ಷಿ:

```
∃x (K(x) ∧ U(x))
```

ಇದರ ಉಲ್ಟಾ ತಪ್ಪೂ ಇದೆ. ‘ಕೂಪನ್ ಇದ್ದವರಿಗೆಲ್ಲ ಊಟ’ ಎಂಬುದಕ್ಕೆ ∀x (K(x) ∧ U(x)) ಎಂದು ಬರೆದರೆ, ಹಾಸ್ಟೆಲಿನ ಪ್ರತಿಯೊಬ್ಬನ ಬಳಿಯೂ ಕೂಪನ್ ಇದೆ, ಪ್ರತಿಯೊಬ್ಬನೂ ಉಂಡ ಎಂದಾಗುತ್ತದೆ. ವಾಕ್ಯಕ್ಕೆ ಸಂಬಂಧವೇ ಇಲ್ಲದ c ಬಂದು ಅದನ್ನು ಮುರಿಯುತ್ತಾನೆ. ಯಾರಿಂದ ಮುರಿಯಬೇಕೋ ಅವನಿಂದ ಮುರಿಯದಿದ್ದರೆ, ಯಾರಿಂದ ಮುರಿಯಬಾರದೋ ಅವನಿಂದ ಮುರಿದರೆ, ಸೂತ್ರ ತಪ್ಪಿದೆ ಎಂದೇ ಲೆಕ್ಕ.

(∃ ಚಿಹ್ನೆ ಇಟಲಿಯ ಪಿಯಾನೊ ಅವರದು. ತಲೆಕೆಳಗಾದ ∀ ಬಂದದ್ದು ಆಮೇಲೆ, 1935ರಲ್ಲಿ ಜರ್ಮನಿಯ ಗೆಂಟ್ಸೆನ್ ಅವರಿಂದ. ಅದು ‘ಎಲ್ಲ’ ಎಂಬುದರ ಜರ್ಮನ್ ಪದ ‘ಆಲೆ’ಯ ಮೊದಲ ಅಕ್ಷರ. ಕನ್ನಡದವರು ಮಾಡಿದ್ದರೆ ‘ಎ’ ಅಂಗಾತ ಮಲಗಿರುತ್ತಿತ್ತು.)

ಆದರೆ ∃ ಮತ್ತು ನಮ್ಮ ‘ಕೆಲವರು’ ಪೂರ್ತಿ ಹೊಂದುವುದಿಲ್ಲ, ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ∃ ಕೇಳುವುದು ‘ಒಬ್ಬನಾದರೂ’. ನಾಲ್ವರಲ್ಲಿ a ಒಬ್ಬನೇ ಕೂಪನ್ ಕೊಟ್ಟು ಉಂಡಿದ್ದರೂ ಸೂತ್ರ ನಿಜ, ಆದರೆ ಒಬ್ಬನನ್ನು ತೋರಿಸಿ ಕನ್ನಡದಲ್ಲಿ ‘ಕೆಲವರು’ ಅಂದರೆ ಜನ ನಗುತ್ತಾರೆ. ಬಹುವಚನವನ್ನು ಉಳಿಸಲೇಬೇಕೆಂದರೆ ∃x ∃y ಎಂದು ಶುರುಮಾಡಿ, x ≠ y ಎಂದೂ ಸೇರಿಸಬೇಕು. ಪರೀಕ್ಷೆಯಲ್ಲಿ ಒಂದೇ ∃ ಬರೆದರೂ ನಾನು ಪೂರ್ತಿ ಅಂಕ ಕೊಡುತ್ತೇನೆ. ಎರಡು ಬರೆದವನ ಹೆಸರು ಮಾತ್ರ ನೆನಪಿಟ್ಟುಕೊಳ್ಳುತ್ತೇನೆ.

ಗಲಾಟೆ ವಾರ್ಡನ್ ಕಿವಿಗೂ ಬಿದ್ದಿರಬೇಕು. ನಿನ್ನೆ ಬೋರ್ಡು ಬದಲಾಗಿದೆ: ‘ಕೂಪನ್ ಇದ್ದವರಿಗೆ ಮಾತ್ರ ಊಟ. ಎರಡು ಗಂಟೆಯೊಳಗೆ ಬಂದವರಿಗೆಲ್ಲ ಊಟ.’ ನಮ್ಮ b ಅದರ ಫೋಟೊ ಹೊಡೆದುಕೊಂಡು ಬಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದು ತೋರಿಸಿದ. R(x) ಅಂದರೆ x ಎರಡರೊಳಗೆ ಬಂದ.

```
∀x (R(x) → U(x))
∀x (U(x) → K(x))
```

“ಎರಡೂ ಖರೇ ಆದ್ರ, ಎರಡರೊಳಗ ಬಂದೋರೆಲ್ಲರ ಕಡೆ ಕೂಪನ್ ಇರಬೇಕಲ್ರಿ ಸರ್. ನಾಳೆ d ಒಂದೂವರೆಗೆ ಹೋಗಿ ನಿಂತ್ರ ಏನ್ ಮಾಡ್ತಾರ ಇವ್ರು? ಉಣ್ಣಾಕ ಕೊಟ್ರ ಒಂದು ಸಾಲು ಸುಳ್ಳು, ಕೊಡಲಿಲ್ಲಂದ್ರ ಇನ್ನೊಂದು ಸುಳ್ಳು.”