ಎಂಟೋ ಮೂರೋ?

ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ. ಮಾಲು ಬೆಂಗಳೂರಿನಿಂದ ಲಾರಿಯಲ್ಲಿ ಬರುತ್ತದೆ, ಬಿಲ್ ಮಾತ್ರ ಅದಕ್ಕೂ ಮೊದಲೇ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬಂದಿರುತ್ತದೆ. ಕಾರ್ಬನ್ ಕಾಪಿ, ಅದರ ಮೇಲೆ ಮಡಿಕೆ, ಜೊತೆಗೆ ಫೋಟೋ ತೆಗೆದವರ ಕೈ ನೆರಳು. ಇಷ್ಟು ವರ್ಷ ಅದನ್ನೇ ನೋಡಿ ರೇಟು ಬರೆದುಕೊಂಡವನು ನಾನು.

ಮೊನ್ನೆ ಒಬ್ಬ ಕಂಟ್ರಾಕ್ಟರ್ 40 ಕಾಯಿಲ್ ವೈರ್‌ಗೆ ರೇಟು ಕೇಳಿದರು. 1.5 ಸ್ಕ್ವೇರ್ ಎಂಎಂ, 90 ಮೀಟರಿನದು. ಹೊಸ ಬಿಲ್ ತೆಗೆದು ನೋಡಿದೆ. 12 ಕಾಯಿಲ್, ರೇಟು 1,350. ಹಿಂದಿನ ಸಲ 1,700 ಇತ್ತು. ಏನೋ ಸ್ಕೀಮ್ ಬಂದಿದೆ ಅಂತ ಖುಷಿಯಾಯಿತು. ಜಿಎಸ್‌ಟಿ ಬಿಟ್ಟು 1,500ಕ್ಕೆ ಕೊಡುತ್ತೇನೆ ಅಂತ ಮೆಸೇಜ್ ಟೈಪ್ ಮಾಡಿದೆ. ಕಡಿಮೆ ರೇಟು ಕಂಡರೆ ನಂಬೋಕೆ ಮನಸ್ಸು ತಾನಾಗೇ ರೆಡಿ ಇರುತ್ತೆ, ಅಲ್ವಾ?

ಕಂಪ್ಯೂಟರ್‌ಗೆ ಬಿಲ್ ಹಾಕುತ್ತಿದ್ದ ಹುಡುಗಿ, ಪಿಯುಸಿ ಮುಗಿಸಿ ನಾಲ್ಕು ತಿಂಗಳ ಹಿಂದೆ ಸೇರಿದವಳು, "ಅಣ್ಣಾ, ಇದು ಕೂಡ್ತಾ ಇಲ್ಲ" ಅಂದಳು.

"ಜೂಮ್ ಮಾಡಿ ನೋಡಮ್ಮಾ."

"ಮಾಡಿದೆ ಅಣ್ಣಾ. ಇನ್ನೂ ಮಸುಕಾಗುತ್ತೆ. 12ಕ್ಕೆ 1,350 ಅಂದ್ರೆ 16,200 ಆಗ್ಬೇಕು. ಇಲ್ಲಿ ಕೊನೆ ಕಾಲಮ್ಮಲ್ಲಿ 22,200 ಇದೆ."

ಅವರೇ ಗುಣಾಕಾರ ತಪ್ಪಿರಬಹುದು ಅಂದೆ. ಅವಳು ಬಿಡಲಿಲ್ಲ. ಮೊದಲು ಎದ್ದು ಹೋಗಿ ರ್ಯಾಕಿನಲ್ಲಿ ಕಾಯಿಲ್ ಎಣಿಸಿ ಬಂದಳು. ಹನ್ನೆರಡೇ. ಆಮೇಲೆ ಬಿಲ್ಲಿನ ಕೆಳಗಿನಿಂದ ಹಿಡಿದಳು. ಸಿಜಿಎಸ್‌ಟಿ 9 ಪರ್ಸೆಂಟ್, 2,322 ಅಂತ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು 9ರಿಂದ ಭಾಗಿಸಿ 100ರಿಂದ ಗುಣಿಸಿದರೆ 25,800. ಆ ಬಿಲ್ಲಿನಲ್ಲಿದ್ದ ಇನ್ನೊಂದೇ ಐಟಂ ಸ್ವಿಚ್, 200 ಪೀಸ್, 18 ರೂಪಾಯಿಯಂತೆ 3,600. ಕಳೆದರೆ ಉಳಿದದ್ದು 22,200. ಅದನ್ನು 12ರಿಂದ ಭಾಗಿಸಿದಾಗ ಕಾಯಿಲ್‌ಗೆ 1,850!

ಮಡಿಕೆ ಸರಿಯಾಗಿ ಎಂಟರ ಎಡಗಡೆ ಅಳಿಸಿ ಮೂರು ಮಾಡಿತ್ತು. ರೇಟು ಇಳಿದಿರಲಿಲ್ಲ, 150 ರೂಪಾಯಿ ಏರಿತ್ತು. ನಾನು 1,500ಕ್ಕೆ ಒಪ್ಪಿಕೊಂಡಿದ್ದರೆ ಕಾಯಿಲ್‌ಗೆ 350ರಂತೆ 40ಕ್ಕೆ 14,000 ಕೈಯಿಂದ ಹೋಗುತ್ತಿತ್ತು. ಮೆಸೇಜ್ ಇನ್ನೂ ಕಳಿಸಿರಲಿಲ್ಲ, ಪುಣ್ಯ.

ಫೋಟೋ ಬಿಲ್ಲಿನಲ್ಲಿ ರೇಟಿನ ಕಾಲಮ್ಮೊಂದನ್ನೇ ನೋಡುವುದು ತಪ್ಪು ಅಂತ ಈಗ ನನಗೆ ಅನಿಸಿದೆ. ಒಂಟಿ ಅಂಕಿಗೆ ಸಾಕ್ಷಿ ಇರುವುದಿಲ್ಲ. ಮೊತ್ತಕ್ಕೆ ಕೆಳಗಡೆ ತೆರಿಗೆ ಇದೆ, ಟೋಟಲ್ ಇದೆ. ಆದರೆ ಬಿಲ್ ಬರೆದವರೇ ಹಳೇ ರೇಟು ಹಾಕಿದ್ದರೆ ಈ ಲೆಕ್ಕದಲ್ಲಿ ಸಿಗುವುದಿಲ್ಲ. ಅದಕ್ಕೆ ಆರ್ಡರ್ ಕೊಡುವಾಗಿನ ಮಾತು ಬರೆದಿಟ್ಟುಕೊಂಡಿರಬೇಕು.

ಕಂಟ್ರಾಕ್ಟರಿಗೆ 1,980 ಹೇಳಿದೆ. ಚೌಕಾಸಿ ಮಾಡಿ 1,940ಕ್ಕೆ ಇಳಿಸಿದರು. ಹೋಲ್‌ಸೇಲ್‌ನವರಿಗೆ ಫೋನ್ ಮಾಡಿ ರೇಟು ಕೇಳಿದರೆ, "1,850 ಸಾರ್, ಬಿಲ್ಲಲ್ಲೇ ಇದೆಯಲ್ಲ" ಅಂದರು. ಪಕ್ಕದಲ್ಲೇ ನಿಂತಿದ್ದ ಹುಡುಗಿ ಮೆಲ್ಲಗೆ, "ಅಣ್ಣಾ, ಇನ್ಮೇಲೆ ಫೋಟೋನ ಡಾಕ್ಯುಮೆಂಟ್ ಆಗಿ ಕಳ್ಸೋಕೆ ಹೇಳಿ, ಅಷ್ಟು ಮಸುಕಾಗಲ್ಲ" ಅಂದಳು.