ಸ್ಕೂಟರಿನ 15 ದೊಡ್ಡದೋ, ಕಾರಿನ 3 ದೊಡ್ಡದೋ?

ಈಗಷ್ಟೇ ಒಂದು ವಿಡಿಯೊ ನೋಡಿ ಫೋನ್ ಮಗುಚಿ ಇಟ್ಟೆ. ಮನೆಯಲ್ಲಿ ಹಳೇ ಸ್ಕೂಟರ್ ಇದೆ, ಹಳೇ ಕಾರೂ ಇದೆ, ಪೆಟ್ರೋಲ್ ಖರ್ಚು ಇಳಿಸಬೇಕು, ಮೊದಲು ಯಾವುದನ್ನು ಬದಲಿಸಲಿ ಅಂತ ಯಾರೋ ಕೇಳಿದ್ದರು. ಮಹಾಶಯರ ಉತ್ತರ: "ಸ್ಕೂಟರ್ ಮೈಲೇಜ್ 40ರಿಂದ 55ಕ್ಕೆ ಹೋಗುತ್ತೆ, ಹದಿನೈದು ಲಾಭ. ಕಾರು 10ರಿಂದ 13ಕ್ಕೆ, ಬರೀ ಮೂರು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಗುರು?" ಕೆಳಗೆ ಚಪ್ಪಾಳೆಯೋ ಚಪ್ಪಾಳೆ. ಯೋಚನೆ ಮಾಡೋಕೆ ಇದ್ದದ್ದು ಒಂದೇ ಒಂದು ಭಾಗಾಕಾರ. ಅದನ್ನೇ ಬಿಟ್ಟರು.

ಭಾಗಾಕಾರ ಇಷ್ಟೇ: 100ನ್ನು ಮೈಲೇಜಿನಿಂದ ಭಾಗಿಸಿ. ಬರುವ ಉತ್ತರವೇ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅನ್ನೋದು. ವಾಪಸ್ ಬರೋಕೂ ಅದೇ ದಾರಿ, 100ನ್ನು ಆ ಲೀಟರಿನಿಂದ ಭಾಗಿಸಿದರೆ ಮತ್ತೆ ಮೈಲೇಜ್. 10 ಮಾತ್ರ ಎರಡೂ ಕಡೆ 10. ಮಿಕ್ಕಿದ್ದರಲ್ಲಿ 12.5 ಅಂದರೆ 8, 20 ಅಂದರೆ 5, 25 ಅಂದರೆ 4, 50 ಅಂದರೆ 2. ಈ ನಾಲ್ಕು ಜೋಡಿ ನೆನಪಿದ್ದರೆ ಶೋರೂಮಿನಲ್ಲಿ ನಿಂತೇ ಅಂದಾಜು ಹಾಕಬಹುದು.

ಈಗ ಅವರದ್ದೇ ಅಂಕಿ ಇಟ್ಟುಕೊಳ್ಳಿ. ಸ್ಕೂಟರ್ 40ರಲ್ಲಿ ನೂರು ಕಿಲೋಮೀಟರಿಗೆ 2.5 ಲೀಟರ್ ಕುಡಿಯುತ್ತೆ, 55ರಲ್ಲಿ 1.82. ಉಳಿದದ್ದು 0.68 ಲೀಟರ್. ಕಾರು 10ರಲ್ಲಿ 10 ಲೀಟರ್, 13ರಲ್ಲಿ 7.69. ಉಳಿದದ್ದು 2.31 ಲೀಟರ್. "ಬರೀ ಮೂರು" ಅಂತ ಮೂಗು ಮುರಿದ ಕಾರು, ಹದಿನೈದರ ಸ್ಕೂಟರಿಗಿಂತ ಮೂರು ಪಟ್ಟಿಗೂ ಜಾಸ್ತಿ ಉಳಿಸಿತು. ಅದೂ ಎರಡೂ ಒಂದೇ ದೂರ ಓಡಿದರೆ. ತಿಂಗಳಿಗೆ ಸ್ಕೂಟರ್ 500, ಕಾರು 1000 ಕಿಲೋಮೀಟರ್ ಓಡುವ ಮನೆಯಲ್ಲಿ ಸ್ಕೂಟರ್ ಉಳಿಸೋದು 3.4 ಲೀಟರ್, ಕಾರು 23. (ಹೊಸ ಕಾರಿನ ಬೆಲೆ, ಇಎಂಐ ಬೇರೆ ಲೆಕ್ಕ, ಅದನ್ನು ಹಿಡಿದುಕೊಂಡು ಕಾಮೆಂಟಿಗೆ ಬರಬೇಡಿ. ಕೇಳಿದ್ದು ಪೆಟ್ರೋಲ್ ವಿಷಯ.)

ಯಾಕೆ ಹೀಗೆ? ಮೈಲೇಜಿನಲ್ಲಿ ಲೀಟರ್ ಕೂತಿರೋದು ಛೇದದಲ್ಲಿ. ಹಾಗಾಗಿ ಎರಡು ಮೈಲೇಜನ್ನು ಕಳೆದರೆ ಸಿಗುವ ಸಂಖ್ಯೆ ಪೆಟ್ರೋಲೂ ಅಲ್ಲ, ದುಡ್ಡೂ ಅಲ್ಲ. ಮೈಲೇಜ್ ಕೆಳಮಟ್ಟದಲ್ಲಿರುವಾಗ ಒಂದೊಂದು ಅಂಕಿಯೂ ಭಾರ, ಮೇಲಕ್ಕೆ ಹೋದಷ್ಟೂ ಹಗುರ. 10ರಿಂದ 11ಕ್ಕೆ ಹೋದರೆ ನೂರು ಕಿಲೋಮೀಟರಿಗೆ 900 ಎಂಎಲ್ ಉಳಿಯುತ್ತೆ, 50ರಿಂದ 51ಕ್ಕೆ ಹೋದರೆ 40 ಎಂಎಲ್ ಕೂಡ ಇಲ್ಲ. ಇದೇನು ನನ್ನ ಸಂಶೋಧನೆ ಅಲ್ಲ. ಅಮೆರಿಕದಲ್ಲಿ ಲ್ಯಾರಿಕ್ ಮತ್ತು ಸೋಲ್ ಅನ್ನುವ ಇಬ್ಬರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಬರೆದರು, ಅಲ್ಲಿನ ಜನರೂ ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನೋ ಅಂಕಿ ನೋಡಿ ಹೀಗೇ ಬೇಸ್ತು ಬೀಳ್ತಾರೆ ಅಂತ. ಅಂದರೆ ನಾವೊಬ್ಬರೇ ದಡ್ಡರಲ್ಲ. ಸಮಾಧಾನ ಬೇಕಿದ್ದವರು ಪಡಕೊಳ್ಳಿ.

"ಶೇಕಡಾ ತಗೊಂಡರಾಯ್ತಲ್ಲ" ಅನ್ನುವ ಜಾಣರಿಗೂ ಉತ್ತರ ಇದೆ. ಸ್ಕೂಟರ್ ಶೇ. 37.5 ಏರಿದೆ, ಕಾರು ಶೇ. 30. ಇಲ್ಲೂ ಸ್ಕೂಟರೇ ಗೆದ್ದಿತು, ಪಂಪಿನಲ್ಲಿ ಮಾತ್ರ ಸೋತಿತು. ಅದೂ ಅಲ್ಲದೆ ಮೈಲೇಜ್ ಶೇ. 50 ಏರಿತು ಅಂದರೆ ಪೆಟ್ರೋಲ್ ಇಳಿಯೋದು ಶೇ. 33 ಮಾತ್ರ. ಪೆಟ್ರೋಲ್ ಅರ್ಧ ಆಗಬೇಕಾದರೆ ಮೈಲೇಜ್ ಶೇ. 100 ಏರಬೇಕು, ಅಂದರೆ ದುಪ್ಪಟ್ಟಾಗಬೇಕು.

ಇನ್ನೂ ಹೆಚ್ಚು ಸಿಟ್ಟು ಬರೋದು ಸರಾಸರಿ ತೆಗೆಯುವವರನ್ನು ಕಂಡಾಗ. ಸಿಟಿಯಲ್ಲಿ 8, ಹೈವೇಯಲ್ಲಿ 20, ಆದ್ದರಿಂದ ಸರಾಸರಿ 14 ಅಂತೆ! ಎರಡರಲ್ಲೂ ನೂರು ನೂರು ಕಿಲೋಮೀಟರ್ ಓಡಿಸಿ ನೋಡಿ. ಸಿಟಿಗೆ 12.5 ಲೀಟರ್, ಹೈವೇಗೆ 5, ಒಟ್ಟು 17.5 ಲೀಟರಿನಲ್ಲಿ 200 ಕಿಲೋಮೀಟರ್. ನಿಜವಾದ ಮೈಲೇಜ್ 11.4. ನೂರು ಕಿಲೋಮೀಟರಿನ ಲೆಕ್ಕದಲ್ಲಾದರೆ 12.5 ಮತ್ತು 5ರ ಸರಾಸರಿ 8.75, ಅದು ಸರಿಯಾದ ಉತ್ತರವೇ. ದೂರ ಬೇರೆ ಬೇರೆಯಾಗಿದ್ದರೆ ಇದೂ ಸಾಲದು, ದೂರಕ್ಕೆ ತಕ್ಕ ತೂಕ ಕೊಡಬೇಕು. ಎಕ್ಸೆಲ್‌ನಲ್ಲಿ ಬರೆದಿಡುವವರು B ಕಾಲಂನಲ್ಲಿ ಕಿಲೋಮೀಟರ್, C ಕಾಲಂನಲ್ಲಿ ಲೀಟರ್ ಹಾಕಿ ಮೈಲೇಜ್ ಕಾಲಂಗೆ AVERAGE ಕೊಡಬೇಡಿ, ಇದನ್ನು ಕೊಡಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಬರುತ್ತೆ:

```
=100*SUM(C2:C11)/SUM(B2:B11)
```

ಹಾಗಾದರೆ ಮೈಲೇಜ್ ದಂಡವೇ? ಅಲ್ಲಪ್ಪ. ರಿಸರ್ವ್ ಬಿದ್ದಿದೆ, ಟ್ಯಾಂಕಿನಲ್ಲಿ ಇನ್ನು ಒಂದೂವರೆ ಲೀಟರ್ ಇದೆ, ಮುಂದಿನ ಬಂಕ್ ತನಕ ಹೋಗ್ತೀನಾ ಅನ್ನುವ ಪ್ರಶ್ನೆಗೆ ಅದೇ ಸರಿ. ಆ ಒಂದು ಪ್ರಶ್ನೆಗೆ. ವರ್ಷಕ್ಕೆ ಓಡಿಸುವ ದೂರ ಹೆಚ್ಚುಕಮ್ಮಿ ಗೊತ್ತಿದ್ದು, ಖರ್ಚು ಎಷ್ಟು ಅಂತ ಕೇಳುವಾಗ ಅದು ತಲೆಕೆಳಗಾದ ಅಳತೆ. "ನಾವು ಹುಟ್ಟಿದಾಗಿನಿಂದ ಎಷ್ಟು ಕೊಡುತ್ತೆ ಅಂತಲೇ ಕೇಳಿದ್ದು" ಅಂದರೆ, ಕೇಳಿ, ಯಾರು ಬೇಡ ಅಂದರು. ಕಳೆಯೋಕೆ ಮುಂಚೆ ಭಾಗಿಸಿ ಅಷ್ಟೇ.

ಒಂದು ತಪ್ಪೊಪ್ಪಿಗೆ: ನೂರು ಕಿಲೋಮೀಟರಿನ ಲೆಕ್ಕಕ್ಕೂ ಒಂದು ಐಬಿದೆ. ದ್ವಿಚಕ್ರದಲ್ಲಿ ಅಂಕಿಗಳು ಒತ್ತೊತ್ತಾಗಿ ಬೀಳುತ್ತವೆ. 1.7 ಅಂದರೆ 58.8, 1.8 ಅಂದರೆ 55.6. ದಶಾಂಶದ ಒಂದೇ ಸ್ಥಾನ ಬರೆದರೆ ಮೂರು ಕಿಲೋಮೀಟರಿನ ವ್ಯತ್ಯಾಸ ಅದರೊಳಗೇ ಮಾಯ. ಸ್ಕೂಟರಿಗೆ ಎರಡು ಸ್ಥಾನ ಬರೆಯಿರಿ. ಅಳೆಯುವಾಗಲೂ ಎಚ್ಚರ. ಟ್ಯಾಂಕ್ ಫುಲ್ ಮಾಡಿ ಮತ್ತೆ ಫುಲ್ ಮಾಡುವ ಪದ್ಧತಿಯಲ್ಲಿ ನಾಲ್ಕು ಲೀಟರ್ ಹಿಡಿದಾಗ 300 ಎಂಎಲ್ ಹೆಚ್ಚುಕಮ್ಮಿಯಾದರೆ ಶೇ. 7.5 ತಪ್ಪು, 50 ಕೊಡುವ ಗಾಡಿ 46 ಅಂತಲೂ 54 ಅಂತಲೂ ತೋರಿಸಬಹುದು. ಒಂದು ಸಲದ ಅಂಕಿ ನಂಬಬೇಡಿ. ಐದಾರು ಸಲದ ಕಿಲೋಮೀಟರನ್ನೂ ಲೀಟರನ್ನೂ ಒಟ್ಟು ಕೂಡಿ ಭಾಗಿಸಿ.

ಡೀಸೆಲ್ ಜೊತೆ ಹೋಲಿಸುವಾಗ ಇನ್ನೊಂದು ಹೆಜ್ಜೆ ಬೇಕು, ಯಾಕೆಂದರೆ ಲೀಟರ್ ಲೀಟರ್ ಸಮ ಅಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇರುತ್ತೆ, ಬೆಲೆಯೂ ಬೇರೆ. ಲೀಟರನ್ನು ಬೆಲೆಯಿಂದ ಗುಣಿಸಿ ನೂರು ಕಿಲೋಮೀಟರಿಗೆ ಎಷ್ಟು ರೂಪಾಯಿ ಅಂತ ಮಾಡಿ. ಲೆಕ್ಕದ ಅನುಕೂಲಕ್ಕೆ ಪೆಟ್ರೋಲ್ 100, ಡೀಸೆಲ್ 90 ಅನ್ನಿ. 16 ಕೊಡುವ ಪೆಟ್ರೋಲ್ ಕಾರಿಗೆ 6.25 ಲೀಟರ್, 625 ರೂಪಾಯಿ. 18 ಕೊಡುವ ಡೀಸೆಲ್ ಕಾರಿಗೆ 5.56 ಲೀಟರ್, 500 ರೂಪಾಯಿ. ಸಿಎನ್‌ಜಿಯನ್ನು ಕಿಲೋ ಲೆಕ್ಕದಲ್ಲಿ ಹಾಕ್ತಾರೆ, ಅದನ್ನು ಲೀಟರ್ ಪಕ್ಕ ಇಡೋಕೇ ಬರಲ್ಲ. ಅಲ್ಲೂ ರೂಪಾಯಿಗೆ ತಂದರೆ ಮುಗೀತು.

ಇನ್ನು ಜರ್ಮನಿಯ ಅಣ್ಣಂದಿರು "ನಮ್ಮ ಕಾರು ನೂರು ಕಿಲೋಮೀಟರಿಗೆ 6.5 ಲೀಟರ್, ನಿಮ್ಮದು?" ಅಂತ ಕೇಳ್ತೀರಲ್ಲ, ಅದು ನಮ್ಮ ಲೆಕ್ಕದಲ್ಲಿ 15.4. ಇಲ್ಲಿನ ಕಂಪನಿ 18 ಅಂತ ಹೇಳಿದ ಕಾರಿನ ಪಕ್ಕ ಅದನ್ನು ಇಟ್ಟು ನಗೋ ಮುಂಚೆ, ಮೈಲೇಜ್ ಅಳೆಯುವ ನಮ್ಮ ಎಂಐಡಿಸಿ ಪರೀಕ್ಷೆಯ ವೇಗ ಗಂಟೆಗೆ 90 ಕಿಲೋಮೀಟರ್ ದಾಟಲ್ಲ, ನಿಮ್ಮ ಡಬ್ಲ್ಯುಎಲ್‌ಟಿಪಿ ಪರೀಕ್ಷೆ 130ರ ಮೇಲಕ್ಕೂ ಹೋಗುತ್ತೆ ಅನ್ನೋದು ನೆನಪಿರಲಿ. ಭಾಗಾಕಾರ ಘಟಕವನ್ನು ಬದಲಿಸುತ್ತೆ, ಪರೀಕ್ಷೆಯನ್ನಲ್ಲ. ಅಮೆರಿಕದವರು ಮೈಲಿ, ಗ್ಯಾಲನ್ ತಂದರೆ 235ನ್ನು ಅದರಿಂದ ಭಾಗಿಸಿ. ಬ್ರಿಟನ್ನಿನವರು ತಂದರೆ 282.5ನ್ನು, ಅವರ ಗ್ಯಾಲನ್ ದೊಡ್ಡದು. ಇಬ್ಬರೂ 30 ಅಂತಲೇ ಹೇಳ್ತಾರೆ, ಒಬ್ಬರ ಕಾರು ಕುಡಿಯೋದು 7.8 ಲೀಟರ್, ಇನ್ನೊಬ್ಬರದ್ದು 9.4.